ಗಡುವಿನ ಬರಹ: ‘ಈ ವರ್ಷ’ ಎಂದರೆ ಯಾವ ವರ್ಷ?

ಬೇಸಿಗೆ ಮುಗಿಯುವ ಹೊತ್ತಿಗೆ ತೆರಿಗೆ ಸಲಹೆಗಾರರ ಕಚೇರಿಗಳಿಂದ ಒಂದು ಬಗೆಯ ಕಿರುಬರಹ ಹೊರಡತೊಡಗುತ್ತದೆ. ರಿಟರ್ನ್ ಸಲ್ಲಿಸುವ ಕೊನೆಯ ದಿನ ಯಾವುದು, ಯಾವ ಕಾಗದ ತರಬೇಕು, ತಡವಾದರೆ ಏನಾಗುತ್ತದೆ ಎಂಬಿಷ್ಟನ್ನು ಹತ್ತು ಹನ್ನೆರಡು ಸಾಲುಗಳಲ್ಲಿ ಹೇಳುವ ಬರಹವದು. ಮೊದಲು ಕಚೇರಿಯ ಗೋಡೆಯ ಮೇಲೆ ಅಂಟಿಸಲಾಗುತ್ತಿದ್ದ ಈ ಬರಹ ಈಗ ವಾಟ್ಸಾಪಿನಲ್ಲಿ ಊರೂರು ಸುತ್ತುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದಲ್ಲಿ ಮನೆಯಲ್ಲಿ ಕನ್ನಡವಾಡುತ್ತ, ಕಚೇರಿಯಲ್ಲಿ ಮರಾಠಿಯನ್ನೂ ತೆರಿಗೆಯ ಜಾಲತಾಣದಲ್ಲಿ ಇಂಗ್ಲಿಷನ್ನೂ ಎದುರಿಸುವ ಓದುಗರಿಗೆ ಇಂಥ ಬರಹವನ್ನು ಕನ್ನಡದಲ್ಲಿ ರಚಿಸುವುದು ಉಪಯೋಜಿತ ಭಾಷೆಯ ಒಂದು ನಿಜವಾದ ಕೆಲಸ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಇದನ್ನು ಅಭ್ಯಾಸದ ವಸ್ತುವಾಗಿ ತೆಗೆದುಕೊಳ್ಳಬೇಕಾದ ಕಾರಣ ಸರಳವಾದುದು. ಇಲ್ಲಿ ಒಂದು ಕಾಲವಾಚಕ ಪದ ತಪ್ಪಿದರೆ ಓದುಗನ ಹಣ ಹೋಗುತ್ತದೆ.

ಈ ಬರಹಗಳು ಜಾಹೀರಾತಿನ ದನಿಯನ್ನು ಬಿಟ್ಟು ತಿಳಿವಳಿಕೆಯ ದನಿಯನ್ನು ಹಿಡಿದಿರುವುದಕ್ಕೆ ಹಿನ್ನೆಲೆಯೊಂದಿದೆ. 1949ರ ಸನ್ನದು ಲೆಕ್ಕಪರಿಶೋಧಕರ ಕಾಯ್ದೆಯ ಮೊದಲ ಅನುಸೂಚಿಯು ಸುತ್ತೋಲೆ, ಜಾಹೀರಾತುಗಳ ಮೂಲಕ ಗಿರಾಕಿಗಳನ್ನು ಕೋರುವುದನ್ನು ವೃತ್ತಿದೋಷವೆಂದು ಎಣಿಸುತ್ತದೆ. ಆದ್ದರಿಂದ ಸನ್ನದು ಪಡೆದವನು ‘ನಮ್ಮಲ್ಲಿಗೆ ಬನ್ನಿ’ ಎನ್ನುವ ಬದಲು ‘ನಿಯಮ ಹೀಗಿದೆ’ ಎನ್ನುತ್ತಾನೆ. ಸನ್ನದಿಲ್ಲದ ಸಲಹೆಗಾರರಿಗೆ ಆ ಕಟ್ಟು ಇಲ್ಲ. ಆದರೂ ಪ್ರಕಾರ ಒಮ್ಮೆ ರೂಢಿಯಾದ ಮೇಲೆ ಎಲ್ಲರೂ ಅದೇ ದನಿಯಲ್ಲಿ ಬರೆಯುತ್ತಾರೆ. ಕಲಿಸುವ ದನಿಯನ್ನು ಹೊತ್ತ ಮೇಲೆ ಅದರ ಹೊಣೆಯನ್ನೂ ಹೊರಬೇಕಾಗುತ್ತದೆ. ಜಾಹೀರಾತನ್ನು ಓದುಗ ಅರ್ಧ ನಂಬುತ್ತಾನೆ, ಪಾಠವನ್ನು ಪೂರ್ತಿ ನಂಬುತ್ತಾನೆ.

ಪಾಠಕ್ಕಾಗಿ ಕಟ್ಟಿಕೊಂಡ ಒಂದು ಮಾದರಿಯನ್ನು ನೋಡಬಹುದು. 2025ರ ಮೇ ತಿಂಗಳ ಮೊದಲ ವಾರದಲ್ಲಿ ಒಂದು ಕಚೇರಿ ಹೀಗೆ ಬರೆಯಿತೆಂದು ಇಟ್ಟುಕೊಳ್ಳೋಣ:

“ಸಂತಸದ ಸುದ್ದಿ! ಈ ವರ್ಷ 12 ಲಕ್ಷದವರೆಗೆ ತೆರಿಗೆ ವಿನಾಯಿತಿ. ಆದರೂ ತಡಮಾಡದೆ ಜುಲೈ ಕೊನೆಯ ಒಳಗೆ ರಿಟರ್ನ್ ಸಲ್ಲಿಸಿರಿ. ಕಡಿತದ ವಿವರಗಳಿರುವ ಫಾರ್ಮ್ 16 ತನ್ನಿರಿ. ವಿಳಂಬಕ್ಕೆ ದಂಡ ವಿಧಿಸಲಾಗುವುದು.”

ಕಾಗುಣಿತ ಸರಿಯಾಗಿದೆ, ವ್ಯಾಕರಣ ಸರಿಯಾಗಿದೆ. ಉತ್ತರಪತ್ರಿಕೆಯಲ್ಲಿ ಬರೆದಿದ್ದರೆ ಪೂರ್ಣ ಅಂಕ ಸಿಗಬಹುದಿತ್ತು. ಆದರೆ ಈ ಐದು ವಾಕ್ಯಗಳನ್ನು ನಂಬಿ ನಡೆದ ಓದುಗನಿಗೆ ಏನಾಗುತ್ತದೆಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು.

ಓದುಗನನ್ನು ಅಕ್ಕಲಕೋಟೆ ತಾಲೂಕಿನ ಒಬ್ಬ ನಿವೃತ್ತ ಶಿಕ್ಷಕರೆಂದು ಕಲ್ಪಿಸಿಕೊಳ್ಳೋಣ, ವಯಸ್ಸು 63. 2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರ ವರೆಗೆ ಅವರಿಗೆ ಬಂದ ನಿವೃತ್ತಿವೇತನ 8,40,000 ರೂಪಾಯಿ. ಬ್ಯಾಂಕಿನ ಮುದ್ದತು ಠೇವಣಿಯ ಬಡ್ಡಿ 60,000. ಹೊಸ ಪದ್ಧತಿಯಲ್ಲಿ ನಿವೃತ್ತಿವೇತನದಿಂದ 75,000 ರೂಪಾಯಿಯ ನಿಗದಿತ ವಜಾ ಸಿಗುತ್ತದೆ. ಉಳಿಯುವ ಒಟ್ಟು ಆದಾಯ 8,25,000. ಆ ಸಾಲಿನ ದರದಂತೆ ಮೊದಲ 3 ಲಕ್ಷಕ್ಕೆ ತೆರಿಗೆಯಿಲ್ಲ. 3ರಿಂದ 7 ಲಕ್ಷದವರೆಗಿನ ಭಾಗಕ್ಕೆ ಶೇಕಡಾ 5ರಂತೆ 20,000. ಉಳಿದ 1,25,000ಕ್ಕೆ ಶೇಕಡಾ 10ರಂತೆ 12,500. ಒಟ್ಟು 32,500, ಅದರ ಮೇಲೆ ಶೇಕಡಾ 4ರ ಉಪಕರ 1,300 ಸೇರಿ 33,800 ರೂಪಾಯಿ.

ಇದರಲ್ಲಿ ಹೆಚ್ಚಿನ ಪಾಲು ಮೊದಲೇ ಸಂದಾಯವಾಗಿರುತ್ತದೆ. ನಿವೃತ್ತಿವೇತನ ಕೊಡುವ ಕಚೇರಿಗೆ ಬಡ್ಡಿಯ ಸಂಗತಿ ತಿಳಿದಿರುವುದಿಲ್ಲ. ಅದು ವೇತನವನ್ನಷ್ಟೇ ಲೆಕ್ಕಕ್ಕೆ ಹಿಡಿದು 27,560 ರೂಪಾಯಿ ಮುರಿದುಕೊಂಡಿರುತ್ತದೆ. ಬ್ಯಾಂಕು ಬಡ್ಡಿಯ ಶೇಕಡಾ 10, ಅಂದರೆ 6,000 ಮುರಿದಿರುತ್ತದೆ. ಎರಡೂ ಸೇರಿ 33,560. ಶಿಕ್ಷಕರು ತುಂಬಬೇಕಾದ ಬಾಕಿ ಕೇವಲ 240 ರೂಪಾಯಿ.

ಈಗ ಆ ಪ್ರಕಟಣೆಯ ಮೊದಲ ಸಾಲಿಗೆ ಬರೋಣ. ‘ಈ ವರ್ಷ 12 ಲಕ್ಷದವರೆಗೆ’ ಎಂಬುದನ್ನು ಓದಿದ ಶಿಕ್ಷಕರು ತಮ್ಮ ಆದಾಯ ಅದಕ್ಕಿಂತ ಬಹಳ ಕಡಿಮೆಯೆಂದು ನಿಶ್ಚಿಂತರಾಗುತ್ತಾರೆ. ಆದರೆ 12 ಲಕ್ಷದ ಮಾತು 2025ರ ಫೆಬ್ರುವರಿಯ ಮುಂಗಡಪತ್ರದಲ್ಲಿ ಬಂದದ್ದು, ಅನ್ವಯವಾಗುವುದು 2025ರ ಏಪ್ರಿಲ್ 1ರಿಂದ ಆಚೆಗೆ ಗಳಿಸಿದ ಆದಾಯಕ್ಕೆ. 2025ರಲ್ಲಿ ಸಲ್ಲಿಸುವ ರಿಟರ್ನ್ ಅದಕ್ಕೆ ಹಿಂದಿನ ಹನ್ನೆರಡು ತಿಂಗಳಿನದು. ಅಲ್ಲಿ ಈ ಸೌಲಭ್ಯದ ಮಿತಿ 7 ಲಕ್ಷವಷ್ಟೇ. ಹೀಗಾಗಿ ‘ಈ ವರ್ಷ’ ಎಂಬ ಎರಡು ಪದಗಳಲ್ಲಿ ಎರಡು ವರ್ಷಗಳು ಅಡಗಿವೆ: ಹಣ ಗಳಿಸಿದ ವರ್ಷ, ಲೆಕ್ಕ ಒಪ್ಪಿಸುವ ವರ್ಷ. ಮೊದಲನೆಯದನ್ನು ಹಣಕಾಸು ವರ್ಷ 2024–25 ಎಂದೂ ಎರಡನೆಯದನ್ನು ಕರ ನಿರ್ಧಾರಣ ವರ್ಷ 2025–26 ಎಂದೂ ಕಾಗದಗಳು ಕರೆಯುತ್ತವೆ. ಬರೆಯುವವನ ಮನಸ್ಸಿನಲ್ಲಿ ಒಂದಿದ್ದು ಓದುವವನ ಮನಸ್ಸಿನಲ್ಲಿ ಇನ್ನೊಂದು ಮೂಡಿದರೆ ವಾಕ್ಯ ಸುಳ್ಳಾಗುತ್ತದೆ. ಶಿಕ್ಷಕರು ರಿಟರ್ನ್ ಸಲ್ಲಿಸದೆ ಕೊನೆಯ ದಿನವನ್ನು ದಾಟಿಸಿದರೆ, ಒಟ್ಟು ಆದಾಯ 5 ಲಕ್ಷವನ್ನು ಮೀರಿರುವುದರಿಂದ ತಡವಾದ ರಿಟರ್ನಿಗೆ 5,000 ರೂಪಾಯಿ ಶುಲ್ಕ ತೆರಬೇಕಾಗುತ್ತದೆ. 240 ರೂಪಾಯಿಯ ಬಾಕಿಗೆ 5,000ದ ಶುಲ್ಕ.

‘ಈ ವರ್ಷ’, ‘ಈ ತಿಂಗಳು’, ‘ಮುಂದಿನ ವಾರ’, ‘ಇದೇ 31’ ಮುಂತಾದವು ಆಡುವವನು ನಿಂತ ಕಾಲವನ್ನು ಆಧರಿಸಿ ಅರ್ಥ ಪಡೆಯುವ ಪದಗಳು. ಎದುರಿಗೆ ಕುಳಿತು ಮಾತನಾಡುವಾಗ ಇವು ನಿರ್ದೋಷಿಗಳು. ಪತ್ರದಲ್ಲಿಯೂ ಮೇಲ್ಭಾಗದ ದಿನಾಂಕ ಇವುಗಳನ್ನು ಕಾಯುತ್ತದೆ. ಆದರೆ ಗಡುವಿನ ಬರಹಕ್ಕೆ ಒಂದು ವಿಚಿತ್ರ ಸ್ವಭಾವವಿದೆ. ಅದು ಅತ್ಯಂತ ಅಲ್ಪಾಯುಷಿಯಾಗಿ ಹುಟ್ಟಿ ದೀರ್ಘಾಯುಷಿಯಾಗಿ ಬಾಳುತ್ತದೆ. ಒಬ್ಬರಿಂದ ಒಬ್ಬರಿಗೆ ದಾಟುತ್ತ, ದಿನಾಂಕ ಕಳಚಿಕೊಂಡು, ಮರುವರ್ಷ ಯಾರದೋ ಕೈಗೆ ಹೊಸದರಂತೆ ಬಂದು ಸೇರುತ್ತದೆ. ಆಗ ‘ಈ ವರ್ಷ’ ಎಂಬುದು ಓದುಗನ ವರ್ಷವಾಗಿ ಬದಲಾಗಿರುತ್ತದೆ. ಆದ್ದರಿಂದ ಈ ಪ್ರಕಾರದಲ್ಲಿ ಕಾಲವನ್ನು ಯಾವಾಗಲೂ ಇಸವಿಸಮೇತ ಹೇಳಬೇಕು. ‘ಹಣಕಾಸು ವರ್ಷ’ ಎಂಬ ಪದವನ್ನೂ ನಂಬದೆ, ‘2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರ ವರೆಗೆ ಬಂದ ಆದಾಯ’ ಎಂದು ಬಿಡಿಸಿ ಬರೆಯಬೇಕು. ಸಾಲು ಉದ್ದವಾಗುತ್ತದೆ, ಆಗಲಿ.

ಅದೇ ಮೊದಲ ಸಾಲಿನಲ್ಲಿ ಇನ್ನೊಂದು ಪದ ಹಾನಿ ಮಾಡುತ್ತಿದೆ: ‘ವಿನಾಯಿತಿ’. ಮರಾಠಿಯಲ್ಲಿ ‘ಸೂಟ’ ಎಂಬ ಒಂದೇ ಪದ ಬಿಡುವಿಗೂ ರಿಯಾಯಿತಿಗೂ ನಡೆಯುತ್ತದೆ. ಎರಡೂ ಭಾಷೆಗಳನ್ನು ಬಲ್ಲ ನಮ್ಮ ಭಾಗದ ಬರಹಗಾರನು ಆ ಸಡಿಲಿಕೆಯನ್ನು ಕನ್ನಡಕ್ಕೂ ತರುತ್ತಾನೆ. ತೆರಿಗೆಯ ಲೆಕ್ಕದಲ್ಲಿ ಅವೆರಡು ಬೇರೆ ಬೇರೆ ಮೆಟ್ಟಿಲುಗಳು. 2025–26ರ ಹಣಕಾಸು ವರ್ಷದ ಹೊಸ ಪದ್ಧತಿಯಲ್ಲಿ ತೆರಿಗೆಗೆ ಒಳಪಡದ ಮೂಲ ಮಿತಿ 4 ಲಕ್ಷ ರೂಪಾಯಿ, ಅದು ವಿನಾಯಿತಿ. 4ರಿಂದ 12 ಲಕ್ಷದವರೆಗೆ ತೆರಿಗೆಯನ್ನು ಮೊದಲು ಲೆಕ್ಕ ಹಾಕಿ, ಆಮೇಲೆ ಬಿಟ್ಟುಕೊಡಲಾಗುತ್ತದೆ, ಅದು ರಿಯಾಯಿತಿ. (ಷೇರು ಮಾರಾಟದ ಲಾಭದಂಥ, ವಿಶೇಷ ದರದ ಆದಾಯಕ್ಕೆ ಆ ರಿಯಾಯಿತಿ ಅನ್ವಯಿಸುವುದಿಲ್ಲ.) ಫಲ ಎರಡರಲ್ಲಿಯೂ ಸೊನ್ನೆಯೇ ಆದುದರಿಂದ ವ್ಯತ್ಯಾಸವೇನೆಂದು ಕೇಳಬಹುದು. ರಿಟರ್ನ್ ಸಲ್ಲಿಸುವ ಕರ್ತವ್ಯ ಮೂಲ ಮಿತಿಯನ್ನು ದಾಟಿದಾಗಲೇ ಹುಟ್ಟುತ್ತದೆ. ಬಿಟ್ಟುಕೊಡಬೇಕಾದರೂ ಲೆಕ್ಕ ಒಪ್ಪಿಸಿರಬೇಕಲ್ಲವೇ? ‘ತೆರಿಗೆಯಿಲ್ಲ’ ಎಂಬುದೂ ‘ರಿಟರ್ನ್ ಬೇಡ’ ಎಂಬುದೂ ಒಂದೇ ಎಂದು ತಿಳಿದವನು ಸೊನ್ನೆ ತೆರಿಗೆಯಿದ್ದೂ ವಿಳಂಬ ಶುಲ್ಕಕ್ಕೆ ಗುರಿಯಾಗುತ್ತಾನೆ.

ಮೂರನೆಯ ವಾಕ್ಯದ ‘ಜುಲೈ ಕೊನೆಯ ಒಳಗೆ’ ಎಂಬಲ್ಲಿ ಎರಡು ತೊಡಕುಗಳಿವೆ. ‘ಒಳಗೆ’ ಎಂದಾಗ ಆ ಕೊನೆಯ ದಿನ ಸೇರುವುದೋ ಇಲ್ಲವೋ ಎಂಬುದು ಕನ್ನಡದಲ್ಲಿ ಖಚಿತವಲ್ಲ. ಒಬ್ಬರು 30ಕ್ಕೆ ಮುಗಿಯಿತೆಂದು ಕೈಬಿಟ್ಟರೆ ಇನ್ನೊಬ್ಬರು 31ರ ರಾತ್ರಿ ಕುಳಿತು ತುಂಬುತ್ತಾರೆ. ‘ಕೊನೆಯ ದಿನ ಜುಲೈ 31, ಅಂದೂ ಸಲ್ಲಿಸಬಹುದು’ ಎಂದರೆ ಸಂಶಯ ಉಳಿಯದು. ಎರಡನೆಯದು ಬರಹಗಾರನ ಕೈಮೀರಿದ್ದು. 2025ರ ಮೇ 27ರಂದು ಆ ದಿನವನ್ನೇ ಸೆಪ್ಟೆಂಬರ್ 15ಕ್ಕೆ ಮುಂದೂಡಲಾಯಿತು. ರಿಟರ್ನ್ ನಮೂನೆಗಳಲ್ಲಿ ಆ ವರ್ಷ ಬಹಳ ಬದಲಾವಣೆಗಳಾಗಿದ್ದು, ಗಣಕ ವ್ಯವಸ್ಥೆಯನ್ನು ಅಣಿಗೊಳಿಸಲು ಸಮಯ ಬೇಕಾಗಿತ್ತು. ಸೆಪ್ಟೆಂಬರ್ 15ರಂದೇ ಇನ್ನೊಂದು ದಿನ ಸೇರಿ ಕೊನೆಯ ದಿನ 16 ಆಯಿತು. ಮೇ ಮೊದಲ ವಾರದಲ್ಲಿ ಬರೆದದ್ದು ಬರೆದಾಗ ನಿಜ, ತಿಂಗಳು ಮುಗಿಯುವುದರೊಳಗೆ ಹಳತು. ಇದನ್ನು ತಡೆಯಲಾಗದು. ಆದರೆ ‘ಬರೆದ ದಿನ’ ಎಂದು ತಲೆಯಲ್ಲಿಯೇ ನಮೂದಿಸಿದರೆ ಓದುಗನು ಅದನ್ನು ಹೊಸ ಸುದ್ದಿಯೊಡನೆ ತೂಗಿ ನೋಡಬಲ್ಲ. ದಿನಾಂಕವಿಲ್ಲದ ಎರಡು ಪ್ರಕಟಣೆಗಳು ಒಂದಕ್ಕೊಂದು ವಿರುದ್ಧವಾಗಿ ಕೈಯಲ್ಲಿದ್ದರೆ ಯಾವುದು ಹಿಂದಿನದೆಂದು ತಿಳಿಯಲು ಅವನಿಗೆ ಸಾಧನವೇ ಇರುವುದಿಲ್ಲ.

‘ಕಡಿತದ ವಿವರಗಳು’ ಎಂಬಲ್ಲಿ ಮರಾಠಿಯಿಂದ ಕಲಿಯಬೇಕಾದದ್ದಿದೆ. ಆದಾಯದಿಂದ ಕಳೆಯುವುದಕ್ಕೆ ಮರಾಠಿ ‘ವಜಾವಟ’ ಎನ್ನುತ್ತದೆ, ಹಣ ಕೈಗೆ ಬರುವ ಮೊದಲೇ ತೆರಿಗೆ ಮುರಿದುಕೊಳ್ಳುವುದಕ್ಕೆ ‘ಕಪಾತ’ ಎನ್ನುತ್ತದೆ. ಕನ್ನಡದ ಪ್ರಕಟಣೆಗಳು ಎರಡಕ್ಕೂ ‘ಕಡಿತ’ ಎಂದೇ ಬರೆಯುತ್ತವೆ. ಒಂದು ಓದುಗನ ತೆರಿಗೆಯನ್ನು ತಗ್ಗಿಸುತ್ತದೆ; ಇನ್ನೊಂದು ತಗ್ಗಿಸುವುದಿಲ್ಲ, ಮುಂಗಡವಾಗಿ ತುಂಬಿಸುತ್ತದೆ. 75,000ದ ಕಡಿತವನ್ನೂ 6,000ದ ಕಡಿತವನ್ನೂ ಒಂದೇ ಪಟ್ಟಿಯಲ್ಲಿ ಓದಿದ ಶಿಕ್ಷಕರು ಅವುಗಳನ್ನು ಕೂಡಿಸಿದರೆ ಆಶ್ಚರ್ಯವಿಲ್ಲ. ಗಡಿಭಾಗದ ಹಳೆಯ ಲೆಕ್ಕದ ಮಾತಿನಲ್ಲಿ ಕಳೆಯುವುದಕ್ಕೆ ‘ವಜಾ’ ಎಂಬ ಪದ ಸಿದ್ಧವಾಗಿದೆ. ಕೆಲಸದಿಂದ ತೆಗೆದುಹಾಕುವ ಅರ್ಥವೊಂದೇ ಅದಕ್ಕಿದೆಯೆಂದು ಅಂಜಬೇಕಾಗಿಲ್ಲ. ‘ವಜಾ’ ಮತ್ತು ‘ಮೂಲದಲ್ಲೇ ಮುರಿದ ತೆರಿಗೆ’ ಎಂದು ಬೇರ್ಪಡಿಸಿದರೆ ಸೊಲ್ಲಾಪುರದ ಓದುಗನಿಗೂ ವಿಜಯಪುರದ ಓದುಗನಿಗೂ ಅರ್ಥವಾಗುತ್ತದೆ.

ಫಾರ್ಮ್ 16ರ ಮಾತು ಕಾಲದ ದೃಷ್ಟಿಯಿಂದಲೂ ತಪ್ಪು. ಮಾರ್ಚಿಗೆ ಮುಗಿದ ತ್ರೈಮಾಸಿಕದಲ್ಲಿ ಮುರಿದ ತೆರಿಗೆಯ ವಿವರವನ್ನು ವೇತನ ಕೊಡುವವರು ಇಲಾಖೆಗೆ ಸಲ್ಲಿಸಲು ಮೇ 31ರ ವರೆಗೆ ಸಮಯವಿತ್ತು. ಫಾರ್ಮ್ 16 ಕೊಡಲು ಜೂನ್ 15ರ ವರೆಗೆ. ಮೇ ಮೊದಲ ವಾರದಲ್ಲಿ ‘ತನ್ನಿರಿ’ ಎಂದರೆ ಓದುಗನ ಕೈಯಲ್ಲಿ ಅದು ಇನ್ನೂ ಇರುವುದಿಲ್ಲ. ಒಮ್ಮೆ ಬರಿಗೈಯಲ್ಲಿ ತಿರುಗಿದವನು ಎರಡನೆಯ ಪ್ರಕಟಣೆಯನ್ನು ಓದುವುದಿಲ್ಲ. ಗಡುವಿನ ಬರಹದ ಕಾಲವನ್ನು ಗಡುವಿನಿಂದ ಹಿಂದಕ್ಕೆ ಎಣಿಸುವ ರೂಢಿಯನ್ನು ಬಿಟ್ಟು, ಓದುಗನಿಗೆ ಆ ಕೆಲಸ ಯಾವಾಗ ಸಾಧ್ಯವಾಗುತ್ತದೆಂದು ನೋಡಿ ಗೊತ್ತುಪಡಿಸಬೇಕು. ಕಾಗದ ಕೂಡಿಸುವ ಬರಹ ಜೂನ್ ನಡುವಿನ ನಂತರ ಹೊರಡಬೇಕು.

ಇದಲ್ಲದೆ, ಫಾರ್ಮ್ 16ರಲ್ಲಿ ಇರುವುದು ನಿವೃತ್ತಿವೇತನ ಮಾತ್ರ. ಠೇವಣಿಯ ಬಡ್ಡಿ ಅಲ್ಲಿ ಕಾಣದು. ಅದೊಂದನ್ನೇ ತಂದು ರಿಟರ್ನ್ ತುಂಬಿಸಿದರೆ 60,000 ರೂಪಾಯಿ ಬಿಟ್ಟುಹೋಗಿ, ಇಲಾಖೆಯ ಬಳಿಯಿರುವ ಮಾಹಿತಿಗೂ ರಿಟರ್ನಿಗೂ ತಾಳೆಯಾಗದೆ ಮುಂದೆ ವಿಚಾರಣೆಯ ಸಂದೇಶ ಬರಬಹುದು. ಜಾಲತಾಣದಲ್ಲಿ ಸಿಗುವ 26ಎಎಸ್ ಎಂಬ ಪಟ್ಟಿಯಲ್ಲಿ ಮುರಿದ ತೆರಿಗೆ ಕಾಣುತ್ತದೆ. ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಬ್ಯಾಂಕು ತಿಳಿಸಿದ ಬಡ್ಡಿಯೂ ಕಾಣುತ್ತದೆ.

ಕೊನೆಯ ವಾಕ್ಯದ ‘ದಂಡ ವಿಧಿಸಲಾಗುವುದು’ ಸರ್ಕಾರಿ ಕನ್ನಡದ ಕರ್ಮಣಿ ಪ್ರಯೋಗ. ಯಾರು, ಯಾರಿಗೆ, ಎಷ್ಟು ಎಂಬ ಮೂರನ್ನೂ ಅದು ಮರೆಮಾಡುತ್ತದೆ, ಭಯವನ್ನು ಮಾತ್ರ ಹೇಳುತ್ತದೆ. ಕಾಯ್ದೆಯಲ್ಲಿಯೂ ಅದು ದಂಡವಲ್ಲ, ಶುಲ್ಕ. ಮೊತ್ತವನ್ನು ಹೇಳಿದರೆ ಓದುಗ ತಾನೇ ನಿರ್ಧರಿಸುತ್ತಾನೆ.

ಈ ಎಲ್ಲವನ್ನೂ ಗಮನಿಸಿ ಅದೇ ಪ್ರಕಟಣೆಯನ್ನು ಮರಳಿ ಬರೆದರೆ ಹೀಗಾಗಬಹುದು:

“ನಿವೃತ್ತಿವೇತನ ಪಡೆಯುವವರಿಗೆ. ಬರೆದ ದಿನ: 2025ರ ಜೂನ್ 20.
2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರ ವರೆಗೆ ಬಂದ ಆದಾಯದ ರಿಟರ್ನ್ ಸಲ್ಲಿಸಲು ಕೊನೆಯ ದಿನ 2025ರ ಸೆಪ್ಟೆಂಬರ್ 15, ಅಂದೂ ಸಲ್ಲಿಸಬಹುದು. 12 ಲಕ್ಷ ರೂಪಾಯಿಯವರೆಗೆ ತೆರಿಗೆ ಬಿಡುವ ನಿಯಮ ಈ ರಿಟರ್ನಿಗೆ ಅನ್ವಯಿಸುವುದಿಲ್ಲ. ಅದು 2025ರ ಏಪ್ರಿಲ್ 1ರಿಂದ ಬಂದ ಆದಾಯಕ್ಕೆ. ತೆರಿಗೆ ಪೂರ್ತಿ ಮುರಿದಿದ್ದರೂ ರಿಟರ್ನ್ ಸಲ್ಲಿಸಬೇಕಾಗಬಹುದು. ಫಾರ್ಮ್ 16ರಲ್ಲಿ ಠೇವಣಿಯ ಬಡ್ಡಿ ಇರುವುದಿಲ್ಲ. ಬ್ಯಾಂಕಿನಿಂದ ಬಡ್ಡಿಯ ಚೀಟಿಯನ್ನೂ ಪಡೆಯಿರಿ. ಕೊನೆಯ ದಿನ ದಾಟಿದರೆ, ಒಟ್ಟು ಆದಾಯ 5 ಲಕ್ಷಕ್ಕಿಂತ ಹೆಚ್ಚಿದ್ದವರು 5,000 ರೂಪಾಯಿ ಶುಲ್ಕ ತೆರಬೇಕಾಗುತ್ತದೆ.”

ಮೊದಲಿನದಕ್ಕಿಂತ ಇದು ಉದ್ದ, ಸಂತಸದ ಸುದ್ದಿಯೂ ಇದರಲ್ಲಿಲ್ಲ. ಯಾರಿಗಾಗಿ ಎಂಬುದು ಮೊದಲ ಪದದಲ್ಲಿಯೇ ಇರುವುದರಿಂದ ಅಂಗಡಿಕಾರನೂ ದ್ರಾಕ್ಷಿ ಬೆಳೆಗಾರನೂ ಇದನ್ನು ತಮ್ಮದೆಂದು ತಿಳಿಯುವುದಿಲ್ಲ. ಅವರ ನಿಯಮಗಳು ಬೇರೆ. ಅವರಿಗೆ ಬೇರೆ ಬರಹ ಬೇಕು. ಎಲ್ಲರಿಗೂ ಒಂದೇ ಪ್ರಕಟಣೆಯೆಂದು ಹೊರಟವರು ‘ಇತ್ಯಾದಿ’, ‘ಸಂಬಂಧಪಟ್ಟವರು’ ಎಂಬ ಪದಗಳ ಮೊರೆಹೋಗುತ್ತಾರೆ. ತಮಗೆ ಸಂಬಂಧವಿದೆಯೇ ಎಂದು ತಿಳಿಯಲೆಂದೇ ಓದುವವರಿಗೆ ‘ಸಂಬಂಧಪಟ್ಟವರು’ ಎಂದು ಹೇಳಿ ಪ್ರಯೋಜನವೇನು?

ಸಲ್ಲಿಕೆಯ ನಂತರದ ಬರಹವನ್ನು ಬಹಳ ಕಚೇರಿಗಳು ಮರೆಯುತ್ತವೆ. ರಿಟರ್ನ್ ಕಳಿಸಿದ 30 ದಿನಗಳಲ್ಲಿ ಅದನ್ನು ದೃಢೀಕರಿಸಬೇಕು. ಜಾಲತಾಣದಲ್ಲಿ e-Verify ಎಂಬಲ್ಲಿ ಒತ್ತಿ, ಆಧಾರಿಗೆ ಜೋಡಿಸಿದ ಮೊಬೈಲಿಗೆ ಬರುವ ಅಂಕಿಗಳನ್ನು ತುಂಬುವುದು ಸುಲಭದ ದಾರಿ. ತೊಂದರೆ ಬರುವುದು ಆ ಮೊಬೈಲ್ ಸಂಖ್ಯೆ ಹಳೆಯದಾಗಿದ್ದಾಗ, ಇಲ್ಲವೆ ಅದು ಪುಣೆಯಲ್ಲಿರುವ ಮಗನದಾಗಿದ್ದಾಗ. 30 ದಿನ ಮೀರಿ ದೃಢೀಕರಿಸಿದರೆ ದೃಢೀಕರಿಸಿದ ದಿನವನ್ನೇ ಸಲ್ಲಿಸಿದ ದಿನವೆಂದು ಹಿಡಿಯಲಾಗುತ್ತದೆ. ಸೆಪ್ಟೆಂಬರ್ 10ರಂದು ಕಳಿಸಿ ಅಕ್ಟೋಬರ್ 20ರಂದು ದೃಢೀಕರಿಸಿದ ಶಿಕ್ಷಕರು ವೇಳೆಗೆ ಸರಿಯಾಗಿ ಕಳಿಸಿದ್ದರೂ ತಡವಾದವರ ಸಾಲಿಗೆ ಸೇರುತ್ತಾರೆ. ಇಲ್ಲಿ ಕ್ರಿಯಾಪದದ ಆಯ್ಕೆ ಮುಖ್ಯವಾಗುತ್ತದೆ. ‘ಸಲ್ಲಿಸಿರಿ’ ಎಂಬ ಒಂದೇ ಕ್ರಿಯಾಪದ ಎರಡು ಕೆಲಸಗಳನ್ನು ಹೊರಲಾರದು. ‘ಕಳಿಸಿ, ಅಂದೇ ದೃಢೀಕರಿಸಿರಿ’ ಎಂದು ಬಿಡಿಸಬೇಕು.

ಕೊನೆಯ ದಿನವನ್ನು ದಾಟಿಸಿದವರಿಗಾಗಿ ಮತ್ತೊಂದು ಚಿಕ್ಕ ಬರಹ ಅಕ್ಟೋಬರಿನಲ್ಲಿ ಬರಬೇಕು: ಶುಲ್ಕ ತುಂಬಿ 2025ರ ಡಿಸೆಂಬರ್ 31ರ ವರೆಗೆ ಸಲ್ಲಿಸಲು ಅವಕಾಶವಿದೆ ಎಂದು. ಹಿಂದಿನ ಪ್ರಕಟಣೆಯ ಭಯಾನಕ ಕರ್ಮಣಿ ವಾಕ್ಯವನ್ನು ಓದಿದವರು ಬಾಗಿಲು ಮುಚ್ಚಿತೆಂದೇ ತಿಳಿದಿರುತ್ತಾರೆ.

ತರಗತಿಯ ಅಭ್ಯಾಸಕ್ಕೆ ಇದೇ ಪ್ರಕಟಣೆಯನ್ನು 2025–26ರ ಆದಾಯಕ್ಕೆ ಹೊಂದಿಸಿ ಬರೆಯುವುದು ಉಪಯುಕ್ತ. ಅಂಕಿಗಳನ್ನಷ್ಟೇ ಬದಲಿಸಿದರೆ ಸಾಲದೆಂಬುದು ಆಗ ತಿಳಿಯುತ್ತದೆ. ಶಿಕ್ಷಕರ ಆದಾಯ ಅಷ್ಟೇ ಇದ್ದರೆ ಲೆಕ್ಕ ಹಾಕಿದ ತೆರಿಗೆ 22,500 ಬಂದು ರಿಯಾಯಿತಿಯಲ್ಲಿ ಪೂರ್ತಿ ಹೋಗುತ್ತದೆ. ಆದಾಯ 4 ಲಕ್ಷವನ್ನು ಮೀರಿರುವುದರಿಂದ ರಿಟರ್ನ್ ಮಾತ್ರ ಉಳಿಯುತ್ತದೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿ ‘ತೆರಿಗೆ ವರ್ಷ’ ಎಂಬ ಒಂದೇ ಹೆಸರು ಬಂದಿದೆ. ಆದರೆ 2025–26ರ ಆದಾಯದ ಲೆಕ್ಕ 1961ರ ಕಾಯ್ದೆಯಂತೆಯೇ ನಡೆಯುವುದರಿಂದ ಆ ರಿಟರ್ನಿನಲ್ಲಿ ಕರ ನಿರ್ಧಾರಣ ವರ್ಷ 2026–27 ಎಂದೇ ಇರುತ್ತದೆ. ಹೊಸ ಪದವನ್ನು ಕಂಡ ಉತ್ಸಾಹದಲ್ಲಿ ಅದನ್ನು ಈ ರಿಟರ್ನಿಗೆ ಅಂಟಿಸಬಾರದು. ಇನ್ನೊಂದು ಬದಲಾವಣೆ ಕಣ್ಣಿಗೆ ಬೀಳದಂಥದು. ಹಿರಿಯ ನಾಗರಿಕರ ಬ್ಯಾಂಕ್ ಬಡ್ಡಿಯ ಮೇಲೆ ಮೂಲದಲ್ಲೇ ತೆರಿಗೆ ಮುರಿಯುವ ಮಿತಿ 2025ರ ಏಪ್ರಿಲ್ 1ರಿಂದ 50,000ದಿಂದ 1 ಲಕ್ಷಕ್ಕೆ ಏರಿತು. 60,000ದ ಬಡ್ಡಿಗೆ ಬ್ಯಾಂಕು ಏನನ್ನೂ ಮುರಿಯುವುದಿಲ್ಲ. 26ಎಎಸ್‌ನಲ್ಲಿ ಆ ಬ್ಯಾಂಕಿನ ಹೆಸರಿಗೆ ಮುರಿದ ತೆರಿಗೆ ಕಾಣದು. ಮುರಿದಿಲ್ಲವಾದ್ದರಿಂದ ತೋರಿಸಬೇಕಾಗಿಲ್ಲ ಎಂದು ಓದುಗ ಎಣಿಸುವ ಸಂಭವ ಹೆಚ್ಚು. ಹಾಗಾಗಿ ಹಿಂದಿನ ಪ್ರಕಟಣೆಯಲ್ಲಿ ಕೊನೆಗೆ ಬಂದಿದ್ದ ಬಡ್ಡಿಯ ಚೀಟಿಯ ಮಾತು ಈ ಪ್ರಕಟಣೆಯಲ್ಲಿ ದಿನಾಂಕದ ಮರುಸಾಲಿಗೇ ಬರಬೇಕಾಗುತ್ತದೆ.